ಬೌನ್ಸ್ 56%, ಕನ್ವರ್ಷನ್ ಸೊನ್ನೆ. ಆದರೆ ಮಾರ್ಚಿನಲ್ಲಿ 46 ಆರ್ಡರ್ ಬಂದಿವೆ! ಯಾವ ಲೆಕ್ಕ ನಂಬಬೇಕು?

ಮಿಡಿಜಾಡಿ · ಏಪ್ರಿಲ್ 3, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆ. ಎರಡು ವರ್ಷದಿಂದ ಒಂದು ವರ್ಡ್‌ಪ್ರೆಸ್ ಸೈಟ್ ಇದೆ. ಮುಖಪುಟ, ದರಪಟ್ಟಿ ಇರುವ ಆರ್ಡರ್ ಪುಟ, "ಮಿಡಿ ಉಪ್ಪಿನಕಾಯಿ ಹಾಕುವ ವಿಧಾನ" ಅಂತ ನಾನೇ ಬರೆದ ಒಂದು ಪುಟ, ಅಷ್ಟೇ. ಸೈಟಿನಲ್ಲಿ ದುಡ್ಡು ಕಟ್ಟುವ ವ್ಯವಸ್ಥೆ ಇಲ್ಲ. ಹಸಿರು ವಾಟ್ಸಾಪ್ ಬಟನ್ ಒತ್ತಿದರೆ ನಮ್ಮ ನಂಬರಿಗೆ ಮೆಸೇಜ್ ಬರುತ್ತದೆ. ಮುಂದಿನ ಮಾತು, ಯುಪಿಐ ಎಲ್ಲ ಅಲ್ಲೇ.

ಸೈಟ್ ಮಾಡಿಕೊಟ್ಟವರು ಮೊನ್ನೆ ಗೂಗಲ್ ಅನಲಿಟಿಕ್ಸ್ ತೆರೆದು ತೋರಿಸಿದರು. ಮಾರ್ಚ್ ತಿಂಗಳಲ್ಲಿ 1,180 ಭೇಟಿ. ಬೌನ್ಸ್ ರೇಟ್ 56%. ಕನ್ವರ್ಷನ್, ಅಂದರೆ ಬಂದವರು ಕೊಂಡದ್ದು, ಸೊನ್ನೆ. "ಮೇಡಂ, ಅರ್ಧಕ್ಕಿಂತ ಜಾಸ್ತಿ ಜನ ಬಂದ ಹಾಗೇ ಓಡಿಹೋಗುತ್ತಿದ್ದಾರೆ, ಡಿಸೈನ್ ಪೂರ್ತಿ ಬದಲಿಸಬೇಕು, 35 ಸಾವಿರ ಆಗುತ್ತದೆ" ಅಂದರು.

ನನ್ನ ನೋಟ್‌ಬುಕ್ಕಿನಲ್ಲಿ ಮಾರ್ಚಿನದೇ 46 ಆರ್ಡರ್ ಇವೆ. ಹಾಗಾದರೆ ಸೊನ್ನೆ ಹೇಗೆ? ಭೇಟಿಗಳು ಎಲ್ಲಿಂದ ಬಂದವು ಅಂತ ಅವರು ತೋರಿಸಿದ ಪಟ್ಟಿ ಇದು:

ಡೈರೆಕ್ಟ್ 510, ಆರ್ಗ್ಯಾನಿಕ್ ಸರ್ಚ್ 430, ಆರ್ಗ್ಯಾನಿಕ್ ಸೋಷಿಯಲ್ 170, ರೆಫರಲ್ 40, ಅನ್‌ಅಸೈನ್ಡ್ 30.

ಈ ಡೈರೆಕ್ಟ್‌ನವರು ಯಾರು? ನಮ್ಮ ಸೈಟಿನ ವಿಳಾಸವನ್ನು 510 ಸಲ ಯಾರಾದರೂ ಟೈಪ್ ಮಾಡಿದ್ದಾರೆ ಅಂದರೆ ನನಗಂತೂ ನಂಬಿಕೆ ಇಲ್ಲ.

---

ವೆಬ್‌ಮಿತ್ರ · ಏಪ್ರಿಲ್ 3, ಬೆಳಿಗ್ಗೆ 11:05

ಮೇಡಂ, ಬೌನ್ಸ್ ಅಂದರೆ ಒಂದೇ ಪುಟ ನೋಡಿ ಹೊರಟುಹೋದವರು. 56 ಸ್ವಲ್ಪ ಜಾಸ್ತಿಯೇ. 40ರ ಒಳಗೆ ಇರಬೇಕು. ಬೌನ್ಸ್ ಜಾಸ್ತಿ ಇದ್ದರೆ ಗೂಗಲ್ ರ‍್ಯಾಂಕ್ ಕೂಡ ಇಳಿಸುತ್ತದೆ. ಚಿತ್ರಗಳ ಸೈಜ್ ಕಮ್ಮಿ ಮಾಡಿ, ಪುಟದ ಕೊನೆಯಲ್ಲಿ "ಇದನ್ನೂ ಓದಿ" ಅಂತ ಲಿಂಕ್ ಕೊಡಿ, ಇಳಿಯುತ್ತದೆ. 35 ಸಾವಿರ ಮಾತ್ರ ಜಾಸ್ತಿ ಆಯಿತು.

ಡೈರೆಕ್ಟ್ ಅಂದರೆ ವಿಳಾಸ ಟೈಪ್ ಮಾಡಿದವರು, ಇಲ್ಲವೇ ಬುಕ್‌ಮಾರ್ಕ್ ಇಟ್ಟವರು. ನಿಮ್ಮ ಹಳೇ ಗಿರಾಕಿಗಳೇ ಇರಬೇಕು. ಅದು ಒಳ್ಳೇದೇ ಅಲ್ವಾ.

---

ಕೀಲಿಮಣೆ · ಏಪ್ರಿಲ್ 3, ಮಧ್ಯಾಹ್ನ 12:40

1,180 ಅಷ್ಟೇನಾ? ನನ್ನ ಜ್ಯೋತಿಷ್ಯದ ಸೈಟಿಗೆ ತಿಂಗಳಿಗೆ 9,000 ವಿಸಿಟ್ ಬರುತ್ತದೆ, ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕಾಣುತ್ತದೆ. ನಿಮ್ಮ ಹೋಸ್ಟಿಂಗ್ ಬದಲಿಸಿ ನೋಡಿ.

---

ಪಟ್ಟಿಪುರಾಣ · ಏಪ್ರಿಲ್ 3, ರಾತ್ರಿ 9:18

ನಾನು ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕೀಲಿಮಣೆಯವರಿಗೆ. ಹೋಸ್ಟಿಂಗ್ ಪ್ಯಾನೆಲ್‌ನ ಲೆಕ್ಕ ಸರ್ವರ್ ಲಾಗ್‌ನಿಂದ ಬರುತ್ತದೆ. ಯಾವ ರೋಬೋ ಬಂದು ಬಾಗಿಲು ತಟ್ಟಿದರೂ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ. ಅನಲಿಟಿಕ್ಸ್ ಎಣಿಸುವುದು ಬ್ರೌಸರಿನಲ್ಲಿ ಸ್ಕ್ರಿಪ್ಟ್ ಓಡಿದಾಗ ಮಾತ್ರ. ಅನಲಿಟಿಕ್ಸ್‌ನಲ್ಲಿ ಆಡ್ ಬ್ಲಾಕರ್ ಇಟ್ಟವರು ತಪ್ಪಿಹೋಗುತ್ತಾರೆ, ಲಾಗ್‌ನಲ್ಲಿ ರೋಬೋಗಳು ಸೇರಿಕೊಳ್ಳುತ್ತವೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

ವೆಬ್‌ಮಿತ್ರ, ನೀವು ಹೇಳಿದ ಬೌನ್ಸ್ ಹಳೆಯ ಅನಲಿಟಿಕ್ಸ್‌ನದು. ಅದು 2023ರ ಜುಲೈ 1ಕ್ಕೆ ಎಣಿಸುವುದು ನಿಲ್ಲಿಸಿತು. ಈಗಿನ ಜಿಎ4ರಲ್ಲಿ ಒಂದು ಭೇಟಿ 10 ಸೆಕೆಂಡಿಗಿಂತ ಜಾಸ್ತಿ ಇದ್ದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನಾವು ಮುಖ್ಯ ಅಂತ ಗುರುತು ಹಾಕಿದ ಕೆಲಸ ಒಂದು ನಡೆದರೆ, ಅದನ್ನು ಗಮನ ಕೊಟ್ಟ ಭೇಟಿ ಅಂತ ಲೆಕ್ಕ ಹಿಡಿಯುತ್ತದೆ. ಮೂರರಲ್ಲಿ ಒಂದೂ ಇಲ್ಲದಿದ್ದರೆ ಬೌನ್ಸ್. ಒಂದೇ ಪುಟವನ್ನು ಎರಡು ನಿಮಿಷ ಓದಿ ಹೋದವರು ಹಳೇ ಲೆಕ್ಕದಲ್ಲಿ ಬೌನ್ಸ್ ಆಗುತ್ತಿದ್ದರು, ಈಗ ಆಗುವುದಿಲ್ಲ. ನಿಮ್ಮ ಅನಲಿಟಿಕ್ಸ್ ಖಾತೆಯ ಬೌನ್ಸ್ ನೋಡಿ ನಾವು ರ‍್ಯಾಂಕ್ ಕೊಡುವುದಿಲ್ಲ ಅಂತ ಗೂಗಲ್‌ನವರೇ ಎಷ್ಟೋ ಸಲ ಹೇಳಿದ್ದಾರೆ.

ಈಗ ಮಿಡಿಜಾಡಿ ಅಕ್ಕನ ವಿಷಯ. ಕನ್ವರ್ಷನ್ ಸೊನ್ನೆ ಬಂದದ್ದಕ್ಕೆ ಕಾರಣ ಸುಲಭ. ಯಾವುದನ್ನು ಎಣಿಸಬೇಕು ಅಂತ ಆ ಖಾತೆಗೆ ಯಾರೂ ಹೇಳಿಕೊಟ್ಟಿಲ್ಲ. ನಿಮ್ಮ ವ್ಯಾಪಾರ ನಡೆಯುವುದು ವಾಟ್ಸಾಪ್‌ನಲ್ಲಿ, ಅನಲಿಟಿಕ್ಸ್ ಅದರ ಬಾಗಿಲಿನ ತನಕ ಮಾತ್ರ ನೋಡಬಲ್ಲದು. ಬಟನ್ ಒತ್ತಿದ್ದು ಕಾಣುತ್ತದೆ, ಆರ್ಡರ್ ಆದದ್ದು ಕಾಣುವುದಿಲ್ಲ.

ಆದರೆ ಒಂದು ಒಳ್ಳೆಯ ಸುದ್ದಿ ಇರಬಹುದು. ನಿಮ್ಮ ಬಟನ್ನಿನ ಲಿಂಕ್ `wa.me` ಅಂತ ಶುರುವಾಗಿದ್ದರೆ ಅದು ಹೊರಗಿನ ಸೈಟಿನ ಲಿಂಕ್. ಹೊರಗಿನ ಲಿಂಕ್ ಒತ್ತಿದ್ದನ್ನು ಜಿಎ4 ತನ್ನಷ್ಟಕ್ಕೇ `click` ಅಂತ ಬರೆದಿಟ್ಟುಕೊಂಡಿರುತ್ತದೆ. ಅಂದರೆ ಮಾರ್ಚಿನ ಲೆಕ್ಕ ಒಳಗೆ ಎಲ್ಲೋ ಇದೆ. ಬಟನ್ ನಿಜವಾದ ಲಿಂಕೋ ಅಲ್ಲವೋ ನೋಡಲು ಮೊಬೈಲಿನಲ್ಲಿ ಅದನ್ನು ಒತ್ತಿ ಹಿಡಿಯಿರಿ. ಲಿಂಕ್ ಕಾಪಿ ಮಾಡುವ ಆಯ್ಕೆ ಬಂದರೆ ಲಿಂಕ್. ಏನೂ ಬರದಿದ್ದರೆ ಅದು ಸ್ಕ್ರಿಪ್ಟಿನಿಂದ ತೆರೆದುಕೊಳ್ಳುವ ಬಟನ್ ಇರಬಹುದು. ಅಂಥದ್ದನ್ನು ಜಿಎ4 ತಾನಾಗಿ ಹಿಡಿಯುವುದಿಲ್ಲ.

ಹಿಡಿದು ನೋಡಿ ಹೇಳಿ. ಖಾತೆ ನಿಮ್ಮ ಹೆಸರಿನಲ್ಲಿ ಇದೆಯೋ ಅವರ ಹೆಸರಿನಲ್ಲಿ ಇದೆಯೋ, ಅದನ್ನೂ ನೋಡಿ.

---

ಮಿಡಿಜಾಡಿ · ಏಪ್ರಿಲ್ 4, ಬೆಳಿಗ್ಗೆ 6:50

ಒತ್ತಿ ಹಿಡಿದೆ. ಕಾಪಿ ಮಾಡುವ ಆಯ್ಕೆ ಬಂತು! ಖಾತೆ ಅವರದೇ, ನನಗೆ ನೋಡಲು ಮಾತ್ರ ಬಿಟ್ಟಿದ್ದರು. ರಾತ್ರಿಯೇ ಫೋನ್ ಮಾಡಿ ಅಡ್ಮಿನ್ ಮಾಡಿಸಿಕೊಂಡೆ. ಸ್ವಲ್ಪ ಮುಖ ಗಂಟು ಹಾಕಿಕೊಂಡರು, ಪರವಾಗಿಲ್ಲ.

---

ಪಟ್ಟಿಪುರಾಣ · ಏಪ್ರಿಲ್ 4, ಬೆಳಿಗ್ಗೆ 8:31

ಒಳ್ಳೇದಾಯಿತು. ಈಗ ಎಡಗಡೆ `Explore` ಒಳಗೆ ಖಾಲಿ ಹಾಳೆ ಒಂದು ತೆಗೆಯಿರಿ. ಸಾಲಿಗೆ `Session default channel group` ಹಾಕಿ, ಅದರ ಕೆಳಗೆ `Landing page` ಹಾಕಿ. ಅಂಕಿಗೆ `Sessions` ಮತ್ತು `Bounce rate`. ತಾರೀಖು ಮಾರ್ಚ್ 1ರಿಂದ 31.

ಇನ್ನೊಂದು ಹಾಳೆಯಲ್ಲಿ ಅದೇ ಸಾಲುಗಳು, ಅಂಕಿಗೆ `Event count`, ಸೋಸಲು `Link domain` ಅನ್ನುವುದು `wa.me` ಇರಬೇಕು ಅಂತ. ಎರಡೂ ಪಟ್ಟಿ ಇಲ್ಲಿ ಹಾಕಿ. ಡೈರೆಕ್ಟ್ ಒಂದನ್ನು ಮಾತ್ರ ಊರಿನ ಪ್ರಕಾರವೂ ಒಡೆದು ನೋಡಿ.

`Explore` ಹಾಳೆಗಳು ಸುಮ್ನೆ ಬಿಟ್ಟರೆ ಎರಡು ತಿಂಗಳ ಹಿಂದಿನದನ್ನು ತೋರಿಸುವುದಿಲ್ಲ. ಡೇಟಾ ಇಡುವ ಅವಧಿಯನ್ನು ಸೆಟ್ಟಿಂಗ್‌ನಲ್ಲಿ 14 ತಿಂಗಳಿಗೆ ಈಗಲೇ ಏರಿಸಿಕೊಳ್ಳಿ. ಮುಂದಿನ ವರ್ಷ ಮಿಡಿ ಬರುವ ಹೊತ್ತಿಗೆ ಈ ವರ್ಷದ್ದರ ಜೊತೆ ಹೋಲಿಸಬೇಕಲ್ಲ.

---

ಕಾಫಿತೋಟದ ಮನೆ · ಏಪ್ರಿಲ್ 4, ಬೆಳಿಗ್ಗೆ 10:02

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಸಕಲೇಶಪುರದ ಕಡೆ ಹೋಂಸ್ಟೇ. ಸೈಟಿನಲ್ಲೇ ಮುಂಗಡ ಕಟ್ಟಿಸಿಕೊಳ್ಳುತ್ತೇವೆ. ನಮ್ಮ ಬುಕಿಂಗ್‌ಗಳಲ್ಲಿ ಮುಕ್ಕಾಲು ಪಾಲು ರೆಫರಲ್‌ನಿಂದ ಅಂತ ತೋರಿಸುತ್ತದೆ. ಯಾವ ಪುಣ್ಯಾತ್ಮ ಇಷ್ಟು ಜನ ಕಳಿಸುತ್ತಿದ್ದಾನೆ ಅಂತ ನೋಡಿದರೆ ನಮ್ಮ ಪೇಮೆಂಟ್ ಗೇಟ್‌ವೇ! ಇದೂ ಬೌನ್ಸ್ ತೊಂದರೆಯೇ?

---

ಪಟ್ಟಿಪುರಾಣ · ಏಪ್ರಿಲ್ 4, ಬೆಳಿಗ್ಗೆ 10:20

ಅಲ್ಲ, ಅದು ಬೇರೆ ಕಾಯಿಲೆ. ಗಿರಾಕಿ ದುಡ್ಡು ಕಟ್ಟಲು ಗೇಟ್‌ವೇ ಪುಟಕ್ಕೆ ಹೋಗಿ "ಧನ್ಯವಾದ" ಪುಟಕ್ಕೆ ವಾಪಸ್ ಬರುತ್ತಾನೆ. ವಾಪಸ್ ಬಂದವನನ್ನು ಗೇಟ್‌ವೇ ಕಳಿಸಿಕೊಟ್ಟ ಹೊಸ ಅತಿಥಿ ಅಂತ ಅನಲಿಟಿಕ್ಸ್ ತಿಳಿದುಕೊಂಡಿದೆ. ಡೇಟಾ ಸ್ಟ್ರೀಮ್‌ನ ಟ್ಯಾಗ್ ಸೆಟ್ಟಿಂಗ್ ಒಳಗೆ `List unwanted referrals` ಅಂತ ಇದೆ, ಅಲ್ಲಿ ಗೇಟ್‌ವೇಯ ಡೊಮೇನ್ ಹಾಕಿ. ಇನ್ನು ಮುಂದಿನದು ಸರಿಯಾಗುತ್ತದೆ. ಹಿಂದಿನದು ಹಾಗೇ ಉಳಿಯುತ್ತದೆ.

---

ಮಿಡಿಜಾಡಿ · ಏಪ್ರಿಲ್ 4, ರಾತ್ರಿ 10:44

ಊಟ ಆದಮೇಲೆ ಮಗಳನ್ನು ಪಕ್ಕ ಕೂರಿಸಿಕೊಂಡು ಮಾಡಿದೆ. ಒಂದೂವರೆ ಗಂಟೆ ಹಿಡಿಯಿತು. ಪಟ್ಟಿ ಅಂಟಿಸಲು ಬರಲಿಲ್ಲ, ಬರೆದೇ ಹೇಳುತ್ತೇನೆ.

ವಾಟ್ಸಾಪ್ ಬಟನ್ ಒಟ್ಟು 71 ಸಲ ಒತ್ತಿದ್ದಾರೆ!! ಡೈರೆಕ್ಟ್‌ನಿಂದ 49, ಸರ್ಚ್‌ನಿಂದ 9, ಸೋಷಿಯಲ್‌ನಿಂದ 11, ರೆಫರಲ್‌ನಿಂದ 2.

ಸರ್ಚ್‌ನ 430ರಲ್ಲಿ 350 ಜನ ನೇರವಾಗಿ ಉಪ್ಪಿನಕಾಯಿ ಹಾಕುವ ವಿಧಾನದ ಪುಟಕ್ಕೇ ಬಂದಿದ್ದಾರೆ. ಅವರ ಬೌನ್ಸ್ 30%. ಆದರೆ ಅವರಲ್ಲಿ ಬಟನ್ ಒತ್ತಿದ್ದು ಎರಡೇ ಸಲ. ಉಳಿದ 80 ಮುಖಪುಟ, ಆರ್ಡರ್ ಪುಟಕ್ಕೆ ಬಂದವು, ಅಲ್ಲಿಂದ 7.

ಸೋಷಿಯಲ್ ಅಂದರೆ ಎಲ್ಲ ಇನ್‌ಸ್ಟಾಗ್ರಾಂ. ಬೌನ್ಸ್ 77%.

ಡೈರೆಕ್ಟ್ ಊರಿನ ಪ್ರಕಾರ ಒಡೆದರೆ 140 ಭೇಟಿ ಆಶ್‌ಬರ್ನ್ ಮತ್ತು ಅಂಥವೇ ಒಂದೆರಡು ವಿದೇಶದ ಊರಿನಿಂದ. ಎಲ್ಲ ಕಂಪ್ಯೂಟರ್, ಎಲ್ಲ ಮುಖಪುಟ, ಸಮಯ ಸೊನ್ನೆ ಸೆಕೆಂಡ್. ಆಶ್‌ಬರ್ನ್ ಅಮೆರಿಕದ ವರ್ಜೀನಿಯಾದಲ್ಲಿದೆಯಂತೆ. ಅಲ್ಲೂ ನಮ್ಮ ಮಿಡಿ ಕೇಳುವವರಿದ್ದಾರೆ ಅಂತ ಯಜಮಾನರು ಖುಷಿಪಟ್ಟರು. ಉಳಿದ 370ರಲ್ಲಿ 228 ಆರ್ಡರ್ ಪುಟಕ್ಕೇ ಬಂದಿವೆ. 49ರಲ್ಲಿ 44 ಕ್ಲಿಕ್ ಅಲ್ಲಿಂದಲೇ.

---

ಪಟ್ಟಿಪುರಾಣ · ಏಪ್ರಿಲ್ 5, ಬೆಳಿಗ್ಗೆ 7:15

ಯಜಮಾನರ ಖುಷಿ ಹಾಳು ಮಾಡಲು ಬೇಸರ. ಆಶ್‌ಬರ್ನ್‌ನಲ್ಲಿ ಇರುವುದು ಸಾಲು ಸಾಲು ಡೇಟಾ ಸೆಂಟರ್‌ಗಳು. ಸೊನ್ನೆ ಸೆಕೆಂಡ್, ಕಂಪ್ಯೂಟರ್, ಮುಖಪುಟ ಮಾತ್ರ ಅಂದರೆ ಬಹುತೇಕ ರೋಬೋಗಳು. ಗೊತ್ತಿರುವ ರೋಬೋಗಳನ್ನು ಜಿಎ4 ತಾನೇ ತೆಗೆದುಹಾಕುತ್ತದೆ, ಇವು ಅದಕ್ಕೆ ಗೊತ್ತಿಲ್ಲದವು. ಊರಿನ ಹೆಸರು ಕೊಟ್ಟು ಇವನ್ನು ಖಾತೆಗೇ ಬಾರದಂತೆ ತಡೆಯುವ ದಾರಿ ಅಲ್ಲಿಲ್ಲ. ಓದುವಾಗ ಸೋಸಿಕೊಂಡು ಓದಬೇಕು, ಅಷ್ಟೇ. ಆ 140 ತೆಗೆದರೆ ನಿಮ್ಮ 56% ಸುಮಾರು 50ಕ್ಕೆ ಬರುತ್ತದೆ. ಆರು ಅಂಶ ಇಳಿಯಿತು, ಸೈಟಿನ ಒಂದು ಬಣ್ಣವನ್ನೂ ಬದಲಿಸದೆ.

ಈಗ ನೀವು ಬರೆದದ್ದರಲ್ಲೇ ಎರಡು ಸಾಲನ್ನು ಪಕ್ಕ ಪಕ್ಕ ಇಡಿ. ವಿಧಾನದ ಪುಟ: ಬೌನ್ಸ್ 30%, 350 ಭೇಟಿಗೆ 2 ಕ್ಲಿಕ್. ಇನ್‌ಸ್ಟಾಗ್ರಾಂ: ಬೌನ್ಸ್ 77%, 170 ಭೇಟಿಗೆ 11 ಕ್ಲಿಕ್. ಬೌನ್ಸ್ ಮಾತ್ರ ನೋಡಿದರೆ ವಿಧಾನದ ಪುಟ ಚಿನ್ನ, ಇನ್‌ಸ್ಟಾಗ್ರಾಂ ಕಸ. ನಿಮ್ಮ ಹೊಟ್ಟೆಪಾಡಿನ ಲೆಕ್ಕದಲ್ಲಿ ತಲೆಕೆಳಗು. ಅಡುಗೆ ವಿಧಾನ ಓದುವವರು ಎಷ್ಟು ಉಪ್ಪು, ಎಷ್ಟು ಸಾಸಿವೆ ಅಂತ ನಿಧಾನವಾಗಿ ಓದುತ್ತಾರೆ. 10 ಸೆಕೆಂಡ್ ಯಾವಾಗಲೋ ದಾಟಿರುತ್ತದೆ. ಅವರಿಗೆ ಉಪ್ಪಿನಕಾಯಿ ಹಾಕಬೇಕು, ಕೊಳ್ಳಬೇಕಿಲ್ಲ.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಬಟನ್ ಒತ್ತಿದ ಭೇಟಿಗಳನ್ನು ಮಾತ್ರ ಬೇರೆ ಸೆಗ್ಮೆಂಟ್ ಮಾಡಿ ಅವುಗಳ ಬೌನ್ಸ್ ನೋಡಿ. ಏನು ಬರುತ್ತದೆ ಅಂತ ನನಗೆ ಒಂದು ಅಂದಾಜಿದೆ, ಈಗ ಹೇಳುವುದಿಲ್ಲ.

---

ಮಿಡಿಜಾಡಿ · ಏಪ್ರಿಲ್ 5, ಮಧ್ಯಾಹ್ನ 2:08

ಬಟನ್ ಒತ್ತಿದ ಭೇಟಿ ಒಟ್ಟು 63 (ಕೆಲವರು ಎರಡು ಸಲ ಒತ್ತಿದ್ದಾರೆ). ಅದರಲ್ಲಿ 36 ಬೌನ್ಸ್ ಅಂತ ಬಂದಿದೆ!!! ಇದು ಹೇಗೆ? ಅವರು ನನಗೆ ಮೆಸೇಜ್ ಮಾಡಲು ಬಂದವರಲ್ಲವೇ?

---

ಪಟ್ಟಿಪುರಾಣ · ಏಪ್ರಿಲ್ 5, ಮಧ್ಯಾಹ್ನ 2:30

ಅದೇ. ನೀವು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ಲಿಂಕ್ ಒತ್ತುತ್ತಾರೆ, ಆರ್ಡರ್ ಪುಟ ತೆರೆಯುತ್ತದೆ, ದರ ನೋಡುತ್ತಾರೆ, ಹಸಿರು ಬಟನ್ ಒತ್ತುತ್ತಾರೆ. ಆರೇಳು ಸೆಕೆಂಡ್ ಸಾಕು. ಒಂದೇ ಪುಟ, 10 ಸೆಕೆಂಡಿನ ಒಳಗೆ, ಬಟನ್ನಿಗೆ ಮುಖ್ಯ ಅನ್ನುವ ಗುರುತಿಲ್ಲ. ಮೂರು ಷರತ್ತಿನಲ್ಲಿ ಒಂದೂ ಸಿಗಲಿಲ್ಲ, ಬೌನ್ಸ್ ಪಟ್ಟಿಗೆ ಸೇರಿದರು. ನಿಮ್ಮ ಪುಟ ಚುರುಕಾಗಿ ಕೆಲಸ ಮುಗಿಸಿಕೊಟ್ಟಷ್ಟೂ ಬೌನ್ಸ್ ಏರುತ್ತದೆ.

ಇದನ್ನು ಸರಿಮಾಡಲು `Admin` ಒಳಗೆ `Events`, ಅಲ್ಲಿ `Create event`. ಹೆಸರು, ಷರತ್ತು ಹೀಗೆ:

```
Custom event name: whatsapp_click
event_name   equals   click
link_domain  equals   wa.me
```

ಆಮೇಲೆ ಅದನ್ನು `key event` ಅಂತ ಗುರುತು ಹಾಕಿ. ಮೊದಲು ಇದನ್ನೇ ಕನ್ವರ್ಷನ್ ಅನ್ನುತ್ತಿದ್ದರು, 2024ರಲ್ಲಿ ಹೆಸರು ಬದಲಿಸಿದರು. ನಿಮ್ಮ ಸೈಟಿನವರು ಹಳೇ ಹೆಸರು ಹೇಳಿದ್ದಾರೆ, ತಪ್ಪೇನಿಲ್ಲ. ಎಣಿಸುವ ವಿಧಾನ ಕೇಳಿದರೆ ಭೇಟಿಗೆ ಒಂದು ಸಲ ಅನ್ನುವುದನ್ನು ಆರಿಸಿ, ಇಲ್ಲದಿದ್ದರೆ ಎರಡು ಸಲ ಒತ್ತಿದವರು ಇಬ್ಬರಾಗುತ್ತಾರೆ. ಗುರುತು ಹಾಕಿದ ಮೇಲಿನದಕ್ಕೆ ಮಾತ್ರ ಲೆಕ್ಕ, ಮಾರ್ಚಿನ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ. ನೀವೇ ಒಂದು ಸಲ ಒತ್ತಿ `Realtime`ನಲ್ಲಿ ಬಂತಾ ನೋಡಿ. ಉಳಿದ ಪಟ್ಟಿಗಳಲ್ಲಿ ಕಾಣಲು ಒಂದೆರಡು ದಿನ ಬಿಡಿ.

ಫೋನ್ ನಂಬರ್ ಒತ್ತಿ ಕರೆ ಮಾಡುವ `tel:` ಲಿಂಕ್ ಇದ್ದರೆ ಅದು ಇದರಲ್ಲಿ ಬರುವುದಿಲ್ಲ. ಅದಕ್ಕೆ ಟ್ಯಾಗ್ ಮ್ಯಾನೇಜರ್ ಬೇಕು.

---

ವೆಬ್‌ಮಿತ್ರ · ಏಪ್ರಿಲ್ 5, ಸಂಜೆ 5:12

ಬೌನ್ಸ್ ಲೆಕ್ಕ ಬದಲಾದದ್ದು ನನಗೆ ಸರಿಯಾಗಿ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಡೈರೆಕ್ಟ್ ಬಗ್ಗೆ ನಾನು ಹೇಳಿದ್ದು ಸರಿಯೇ ಇದೆಯಲ್ಲ? ಸ್ಟೇಟಸ್ ನೋಡುವವರು ಹಳೇ ಗಿರಾಕಿಗಳೇ ತಾನೇ.

---

ಪಟ್ಟಿಪುರಾಣ · ಏಪ್ರಿಲ್ 5, ರಾತ್ರಿ 8:47

ಅರ್ಧ ಸರಿ. ಆದರೆ ಅವರು ಟೈಪ್ ಮಾಡಿ ಬಂದವರಲ್ಲ. ಡೈರೆಕ್ಟ್ ಅಂದರೆ "ಎಲ್ಲಿಂದ ಬಂದರೋ ಗೊತ್ತಾಗಲಿಲ್ಲ" ಅಂತ ಓದಿಕೊಳ್ಳಿ. ವಾಟ್ಸಾಪ್ ಆಪ್‌ನಿಂದ ಲಿಂಕ್ ಒತ್ತಿದಾಗ ಎಲ್ಲಿಂದ ಬಂದೆ ಅನ್ನುವ ಚೀಟಿ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಎಸ್‌ಎಂಎಸ್, ಪಿಡಿಎಫ್ ಒಳಗಿನ ಲಿಂಕ್, ಎಲ್ಲ ಹಾಗೇ. ಇನ್‌ಸ್ಟಾಗ್ರಾಂ ಆ ಚೀಟಿ ಕಳಿಸುತ್ತದೆ, ಅದಕ್ಕೇ ಅದರ ಹೆಸರು ಕಂಡಿತು. ಅಕ್ಕನ 228 ಬಹುಪಾಲು ವಾಟ್ಸಾಪ್ ಅಂತ ನನ್ನ ಊಹೆ. ಊಹೆ ಮಾತ್ರ. ಸಾಬೀತು ಮಾಡಲು ಚೀಟಿಯನ್ನು ನಾವೇ ಅಂಟಿಸಬೇಕು:

```
https://example.com/order/?utm_source=whatsapp&utm_medium=social&utm_campaign=status
```

ನಿಮ್ಮ ಸೈಟಿನ ವಿಳಾಸ ಹಾಕಿ ಇದನ್ನೇ ಸ್ಟೇಟಸ್‌ಗೆ, ಗುಂಪುಗಳಿಗೆ ಹಾಕಿ. ಎಲ್ಲ ಸಣ್ಣ ಅಕ್ಷರ. ಒಮ್ಮೆ `WhatsApp`, ಒಮ್ಮೆ `whatsapp` ಅಂತ ಬರೆದರೆ ಎರಡು ಬೇರೆ ಸಾಲಾಗುತ್ತದೆ. `utm_medium` ಜಾಗಕ್ಕೆ ನಿಮಗೆ ತೋಚಿದ್ದು ಬರೆದರೆ ಅನ್‌ಅಸೈನ್ಡ್ ಪಾಲಾಗುತ್ತದೆ. ನಿಮ್ಮ ಆ 30 ಹಾಗೇ ಬಂದಿರಬಹುದು, ಯಾರೋ ಹಿಂದೆ ಏನೋ ಬರೆದಿರುತ್ತಾರೆ. ಸೈಟಿನ ಒಳಗಿನ ಲಿಂಕುಗಳಿಗೆ ಮಾತ್ರ ಈ ಬಾಲ ಅಂಟಿಸಬೇಡಿ, ನಿಜವಾದ ಮೂಲ ಅಳಿಸಿಹೋಗುತ್ತದೆ.

ಗೂಗಲ್ ಮ್ಯಾಪಿನ ನಿಮ್ಮ ಅಂಗಡಿ ಪ್ರೊಫೈಲ್‌ನಲ್ಲಿ ಕೊಟ್ಟಿರುವ ಸೈಟ್ ಲಿಂಕಿಗೂ `utm_source=google`, `utm_medium=organic` ಬರೆದು ಬೇರೆ `utm_campaign` ಕೊಡಿ. ಇಲ್ಲದಿದ್ದರೆ ಅದು ಸಾಮಾನ್ಯ ಸರ್ಚ್ ಜೊತೆ ಬೆರೆತುಹೋಗುತ್ತದೆ.

---

ಹಳೇಪುಸ್ತಕದಂಗಡಿ · ಏಪ್ರಿಲ್ 6, ಬೆಳಿಗ್ಗೆ 9:30

ಮೂವತ್ತು ವರ್ಷ ಅಂಗಡಿ ನಡೆಸಿದವನ ಮಾತು. ಆರ್ಡರ್ ಬಂದಾಗ "ನಮ್ಮ ವಿಷಯ ಎಲ್ಲಿ ನೋಡಿದಿರಿ ತಾಯಿ" ಅಂತ ಒಂದು ಮಾತು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈ ಚೀಟಿ, ಬಾಲ ಎಲ್ಲ ಯಾಕೆ? ತಿಂಗಳಿಗೆ 46 ಆರ್ಡರಿಗೆ 46 ಪ್ರಶ್ನೆ.

---

ಪಟ್ಟಿಪುರಾಣ · ಏಪ್ರಿಲ್ 6, ಬೆಳಿಗ್ಗೆ 11:00

ಸರ್, ಕೇಳುವುದು ಖಂಡಿತ ಬೇಕು. ಆದರೆ ನೀವು ಕೇಳುವುದು ಕೊಂಡವರನ್ನು ಮಾತ್ರ. ಬಂದು ಕೊಳ್ಳದೆ ಹೋದವರು ನೋಟ್‌ಬುಕ್ಕಿಗೆ ಬರುವುದಿಲ್ಲ. ಎರಡನ್ನೂ ಜೋಡಿಸುವ ಒಂದು ಉಪಾಯ ಇದೆ. ವಾಟ್ಸಾಪ್ ಬಟನ್ನಿನ ಲಿಂಕಿನಲ್ಲೇ ಮೊದಲ ಮೆಸೇಜ್ ಬರೆದಿಡಬಹುದು:

```
https://wa.me/91XXXXXXXXXX?text=Order%20A
```

ಆರ್ಡರ್ ಪುಟಕ್ಕೆ ಎ, ವಿಧಾನದ ಪುಟಕ್ಕೆ ಬಿ, ಮುಖಪುಟಕ್ಕೆ ಸಿ. ಮೆಸೇಜ್ ಬಂದಾಗ ಆ ಅಕ್ಷರವನ್ನು ಆರ್ಡರಿನ ಪಕ್ಕ ಬರೆದುಕೊಳ್ಳಿ. ಕೆಲವರು ಅಳಿಸಿ ತಮ್ಮದೇ ಬರೆಯುತ್ತಾರೆ, ಅವರನ್ನು ಬಾಯಿಬಿಟ್ಟು ಕೇಳಿ.

ಅಕ್ಕ, ಮಾರ್ಚಿನ 46ರಲ್ಲಿ ಹಳೇ ಚಾಟ್‌ನಲ್ಲೇ "ಇನ್ನೊಂದು ಜಾಡಿ ಕಳಿಸಿ" ಅಂದವರು ಎಷ್ಟು?

---

ಮಿಡಿಜಾಡಿ · ಏಪ್ರಿಲ್ 6, ಮಧ್ಯಾಹ್ನ 1:15

ಈಗಷ್ಟೇ ಎಣಿಸಿದೆ. 17. ಅವರು ಸೈಟ್ ನೋಡಿಯೇ ಇಲ್ಲ. ಹಾಗಾದರೆ ಸೈಟಿನ ಲೆಕ್ಕಕ್ಕೆ 29 ಅಲ್ವಾ? 63 ಭೇಟಿಯಲ್ಲಿ ಬಟನ್ ಒತ್ತಿದರು, 29 ಆರ್ಡರ್. ಒತ್ತಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚಾಟ್‌ಗೆ ಬಂದು ಕೊಳ್ಳದೆ ಹೋಗಿದ್ದಾರೆ ಅಂತಾಯಿತು. ಅವರಿಗೆ ನಾನು ಸರಿಯಾಗಿ ಉತ್ತರ ಕೊಟ್ಟಿಲ್ಲವೋ ಏನೋ. ಮಾರ್ಚಿನಲ್ಲಿ ಮಿಡಿ ಕೊಯ್ಲು, ಸಂಜೆ ತನಕ ಫೋನ್ ಮುಟ್ಟುವುದಿಲ್ಲ.

ಇನ್ನೊಂದು. ಊರಿನ ಪಟ್ಟಿಯಲ್ಲಿ ಬೆಂಗಳೂರೇ ಮುಕ್ಕಾಲು. ಬೆಂಗಳೂರಿಗೆ ಮಾತ್ರ ಜಾಹೀರಾತು ಕೊಡಲೇ?

---

ಪಟ್ಟಿಪುರಾಣ · ಏಪ್ರಿಲ್ 6, ಮಧ್ಯಾಹ್ನ 1:40

ಕೆಲವರು ಬಟನ್ ಒತ್ತಿ ಮೆಸೇಜ್ ಕಳಿಸದೆಯೇ ವಾಪಸ್ ಹೋಗಿರುತ್ತಾರೆ, ಎಲ್ಲ ತಪ್ಪು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಆದರೂ 35 ಸಾವಿರ ಡಿಸೈನಿಗೆ ಹೋಗುವ ಮೊದಲು ನಾನಾದರೆ ಆ ಸಂಜೆಯ ಫೋನನ್ನೇ ನೋಡುತ್ತಿದ್ದೆ.

ಬೆಂಗಳೂರನ್ನು ನಂಬಬೇಡಿ. ಊರನ್ನು ಐಪಿ ವಿಳಾಸದಿಂದ ಅಂದಾಜು ಮಾಡುತ್ತಾರೆ. ಮೊಬೈಲ್ ನೆಟ್‌ವರ್ಕಿನಲ್ಲಿ ಕುಮಟಾದವರೂ ಬೆಂಗಳೂರು ಅಂತ ಕಾಣಬಹುದು. ನಿಮ್ಮ ಮನೆಯ ಮೊಬೈಲಿನಿಂದ ಸೈಟ್ ತೆರೆದು `Realtime`ನಲ್ಲಿ ಯಾವ ಊರು ಬರುತ್ತದೆ ನೋಡಿ. ಕೊರಿಯರ್ ಚೀಟಿಗಳ ಪಿನ್‌ಕೋಡ್ ನಿಮ್ಮ ಬಳಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಊರಿನ ಪಟ್ಟಿ ಅನಲಿಟಿಕ್ಸ್ ಕೊಡಲಾರದು.

---

ಮಿಡಿಜಾಡಿ · ಏಪ್ರಿಲ್ 6, ಮಧ್ಯಾಹ್ನ 1:58

ನಾನು ಅಡುಗೆಮನೆಯಲ್ಲೇ ಇದ್ದೇನೆ. ಬೆಂಗಳೂರು ಅಂತ ತೋರಿಸುತ್ತಿದೆ 😄

---

ಹಳೇಪುಸ್ತಕದಂಗಡಿ · ಏಪ್ರಿಲ್ 6, ಸಂಜೆ 6:20

ನನಗೆ ಒಂದು ತೋಚಿತು. ವಿಧಾನ ಓದುವ 350 ಜನಕ್ಕೆ ತಯಾರಾದ ಉಪ್ಪಿನಕಾಯಿ ಯಾಕೆ ಬೇಕು? ಅವರಿಗೆ ಸಿಗದಿರುವುದು ಮಿಡಿ. ಉಪ್ಪಿನಲ್ಲಿ ಹಾಕಿಟ್ಟ ಮಿಡಿಯನ್ನೇ ಆ ಪುಟದಲ್ಲಿ ಮಾರಿ.

---

ವೆಬ್‌ಮಿತ್ರ · ಏಪ್ರಿಲ್ 6, ಸಂಜೆ 7:02

ಅದಕ್ಕಿಂತ ಆ ಪುಟವನ್ನೇ ತೆಗೆದುಬಿಡಬಹುದು. ಕೊಳ್ಳದವರನ್ನು ಕರೆದು ಏನು ಲಾಭ?

---

ಪಟ್ಟಿಪುರಾಣ · ಏಪ್ರಿಲ್ 6, ರಾತ್ರಿ 9:10

ತೆಗೆಯಬೇಡಿ ಅನ್ನುತ್ತೇನೆ. ಆ ಪುಟ ಇರುವುದಕ್ಕೆ ಖರ್ಚೇನೂ ಇಲ್ಲ. ಸರ್ ಹೇಳಿದ ಉಪ್ಪಿನ ಮಿಡಿ ನೋಡಿ, ಅದು ಅವರ ಹುಡುಕಾಟಕ್ಕೆ ಹೊಂದುವ ಮಾತು. ಅದಕ್ಕೂ ಮೊದಲು ಸರ್ಚ್ ಕನ್ಸೋಲ್ ತೆರೆದು ಯಾವ ಪದ ಹುಡುಕಿ ಆ ಪುಟಕ್ಕೆ ಬರುತ್ತಾರೆ ನೋಡಿ. ಅಲ್ಲಿ 16 ತಿಂಗಳ ಲೆಕ್ಕ ಇರುತ್ತದೆ. ಅಲ್ಲಿನ ಕ್ಲಿಕ್ಕಿಗೂ ಇಲ್ಲಿನ ಭೇಟಿಗೂ ಅಂಕಿ ತಾಳೆ ಆಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

---

ಮಿಡಿಜಾಡಿ · ಮೇ 2, ರಾತ್ರಿ 9:35

ಏಪ್ರಿಲ್ ಲೆಕ್ಕ ಹೇಳಲು ಬಂದೆ.

ಒಟ್ಟು ಭೇಟಿ 1,090. ಬೌನ್ಸ್ 52%. ಸ್ಟೇಟಸ್ ಲಿಂಕಿಗೆ ಬಾಲ ಅಂಟಿಸಿದ ಮೇಲೆ ಡೈರೆಕ್ಟ್ 270ಕ್ಕೆ ಇಳಿಯಿತು, ವಾಟ್ಸಾಪ್ ಅಂತ 215 ಬಂತು. ನಿಮ್ಮ ಊಹೆ ಸರಿ. `whatsapp_click` 58. ಹೊಸ ಆರ್ಡರ್ 33, ಅದರಲ್ಲಿ ಎ ಅಕ್ಷರದವು 24, ಬಿ ಅಕ್ಷರದವು 3, ಸಿ 2, ನಾಲ್ವರು ಅಕ್ಷರ ಅಳಿಸಿ ಬರೆದಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಮಗಳು ಚಾಟ್ ನೋಡಿ ಉತ್ತರ ಕೊಡುತ್ತಾಳೆ ಈಗ.

ವಿಧಾನದ ಪುಟದ ಮಧ್ಯೆ "ಮಿಡಿ ಸಿಗಲಿಲ್ಲವೇ? ಉಪ್ಪಿನಲ್ಲಿ ಹಾಕಿದ್ದು ನಮ್ಮಲ್ಲಿದೆ" ಅಂತ ಒಂದು ಸಾಲು, ಬಟನ್ ಹಾಕಿದೆ. ಸರ್ಚ್‌ನಿಂದ ಆ ಪುಟಕ್ಕೆ 330 ಭೇಟಿ, 5 ಕ್ಲಿಕ್. ಬಿ ಅಕ್ಷರದ ಮೂರೂ ಉಪ್ಪಿನ ಮಿಡಿಯವೇ.

---

ವೆಬ್‌ಮಿತ್ರ · ಮೇ 2, ರಾತ್ರಿ 9:50

ಅಭಿನಂದನೆ! ಬೌನ್ಸ್ ಇಳಿಯಿತು, ವಿಧಾನದ ಪುಟದ ಕ್ಲಿಕ್ ಎರಡೂವರೆ ಪಟ್ಟು!

---

ಪಟ್ಟಿಪುರಾಣ · ಮೇ 3, ಬೆಳಿಗ್ಗೆ 7:25

ಬೌನ್ಸ್ ಇಳಿದದ್ದರಲ್ಲಿ ದೊಡ್ಡ ಪಾಲು ಎಣಿಸುವ ರೀತಿ ಬದಲಾದದ್ದರಿಂದ. ಬಟನ್ ಒತ್ತಿ ಹೋದವರು ಈಗ ಬೌನ್ಸ್ ಅಲ್ಲ. ಜನ ಬದಲಾದರು ಅಂತ ಅದರಿಂದ ಹೇಳಲು ಬರುವುದಿಲ್ಲ. ಮಾರ್ಚ್, ಏಪ್ರಿಲ್ ಬೌನ್ಸ್ ಹೋಲಿಸುವುದನ್ನೇ ಬಿಡಿ. ಏಪ್ರಿಲ್, ಮೇ ಹೋಲಿಸಬಹುದು.

ಎರಡು ಇದ್ದದ್ದು ಐದಾಗಿದೆ, ಅಷ್ಟೇ. ಮುಂದಿನ ತಿಂಗಳು ಮತ್ತೆ ಎರಡಾದರೂ ನನಗೆ ಆಶ್ಚರ್ಯ ಇಲ್ಲ. ಆದರೆ ಮೂವರು ದುಡ್ಡು ಕಟ್ಟಿ ಉಪ್ಪಿನ ಮಿಡಿ ತರಿಸಿಕೊಂಡರಲ್ಲ, ಅದು ಯಾವ ಶೇಕಡಾವಾರಿಗಿಂತ ಗಟ್ಟಿ ಸಂಗತಿ. ಇನ್ನೂ ಎರಡು ತಿಂಗಳು ನೋಡಿ.

---

ಮಿಡಿಜಾಡಿ · ಮೇ 3, ಬೆಳಿಗ್ಗೆ 8:40

ಒಂದು ಮಾತ್ರ ಇನ್ನೂ ಬಗೆಹರಿಯಲಿಲ್ಲ. ಇನ್‌ಸ್ಟಾಗ್ರಾಂನವರೂ ಆರ್ಡರ್ ಪುಟಕ್ಕೇ ಬರುತ್ತಾರೆ. ಹಾಗಾಗಿ ಅವರದೂ ಎ ಅಕ್ಷರವೇ. ಕ್ಲಿಕ್ ಎಷ್ಟು ಅಂತ ಗೊತ್ತು, 12. ಅವರಲ್ಲಿ ಕೊಂಡವರು ಎಷ್ಟು ಅಂತ ಗೊತ್ತಿಲ್ಲ. ಮಗಳು ವಾರಕ್ಕೆ ಮೂರು ರೀಲ್ ಮಾಡುತ್ತಾಳೆ, ಅದಕ್ಕೆ ಬೆಲೆ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ದಿನಾ ವಾದ.

---

ಕಾಫಿತೋಟದ ಮನೆ · ಮೇ 3, ಬೆಳಿಗ್ಗೆ 9:15

ಇನ್‌ಸ್ಟಾಗ್ರಾಂಗೆ ಅಂತಲೇ ಆರ್ಡರ್ ಪುಟದ ಇನ್ನೊಂದು ನಕಲು ಮಾಡಿ, ಬಟನ್ನಿಗೆ ಡಿ ಅಕ್ಷರ ಕೊಡಿ. ನಾವು ಹಾಗೇ ಮಾಡಿದ್ದೇವೆ. ಅಂದಹಾಗೆ ಗೇಟ್‌ವೇ ಕಾಟ ನಿಂತಿತು, ಪಟ್ಟಿಪುರಾಣದವರಿಗೆ ಒಂದು ಕೆಜಿ ಕಾಫಿಪುಡಿ ಬಾಕಿ.

---

ಪಟ್ಟಿಪುರಾಣ · ಮೇ 3, ಬೆಳಿಗ್ಗೆ 9:42

ಮಾಡಬಹುದು. ನನಗೆ ಅಷ್ಟು ಇಷ್ಟ ಇಲ್ಲ. ದರ ಬದಲಿಸುವಾಗ ಒಂದು ಪುಟ ಬದಲಿಸಿ ಇನ್ನೊಂದು ಮರೆತು, ಎರಡು ದರ ಕಂಡು ಗಿರಾಕಿ ಜಗಳಕ್ಕೆ ಬಂದದ್ದನ್ನು ನೋಡಿದ್ದೇನೆ. ಮಾಡಿದರೆ ಆ ನಕಲು ಗೂಗಲ್ ಹುಡುಕಾಟಕ್ಕೆ ಸಿಗದ ಹಾಗೆ `noindex` ಹಾಕಿ.

---

ಹಳೇಪುಸ್ತಕದಂಗಡಿ · ಮೇ 3, ಬೆಳಿಗ್ಗೆ 10:05

ಹನ್ನೆರಡು ಜನ ತಾನೇ. ಕೇಳಿ ತಾಯಿ, ಕೇಳಿ.

---

ಮಿಡಿಜಾಡಿ · ಮೇ 3, ಬೆಳಿಗ್ಗೆ 10:30

ಈ ತಿಂಗಳು ಕೇಳಿ ನೋಡುತ್ತೇನೆ ಸರ್. ಮಗಳು ನಕಲು ಪುಟ ಆಗಲೇ ಮಾಡಲು ಕೂತಿದ್ದಾಳೆ, ಅವಳನ್ನು ನಿಲ್ಲಿಸುವುದು ನನ್ನಿಂದ ಆಗದು. ಎರಡೂ ಲೆಕ್ಕ ಜೂನ್‌ನಲ್ಲಿ ಇಲ್ಲೇ ಹಾಕುತ್ತೇನೆ.